ಪಾಪು ನಿದ್ದೆ ನೋಡ್ಕೊಂಡು ಟ್ರಿಪ್: ತುಮಕೂರಿಂದ ನಂದಿಗೆ ಎರಡು ರಾತ್ರಿ

ನಮ್ಮ ಪಾಪುಗೆ ಆರೂವರೆ ತಿಂಗಳಿದ್ದಾಗ ಮೊದಲ್ನೇ ಸಲ ಟ್ರಿಪ್ ಅಂತ ಮಲೆನಾಡು ಕಡೆ ಹೋದ್ವಿ. ಶುಕ್ರವಾರ ಇವ್ರು ಆಫೀಸ್ ಮುಗಿಸ್ಕೊಂಡು ಬಂದ್ಮೇಲೆ ಸಂಜೆ ಆರಕ್ಕೆ ತುಮಕೂರು ಬಿಟ್ಟಿದ್ದು, ರಾತ್ರಿ ಕಾರಲ್ಲಿ ಪಾಪು ಮಲಗಿರ್ತಾನೆ ಆರಾಮಾಗಿ ಹೋಗ್ಬಹುದು ಅಂತ ನಮ್ಮ ಲೆಕ್ಕ. ಅವ್ನು ಮಲಗಿದ್ದು ನಿಜ, ಆದ್ರೆ ಹನ್ನೊಂದು ಗಂಟೆಗೆ ರೆಸಾರ್ಟಲ್ಲಿ ಎತ್ಕೊಂಡು ಇಳಿದ ತಕ್ಷಣ ಎದ್ದವನು ಎರಡು ಗಂಟೆ ತನಕ ಮಲಗ್ಲಿಲ್ಲ. ಮಾರನೇ ದಿನ ಶನಿವಾರ, ರಾತ್ರಿ ಕೆಳಗಡೆ ಲಾನಲ್ಲಿ ಯಾರ್ದೋ ಪಾರ್ಟಿ, ಸ್ಪೀಕರ್ ಸದ್ದಿಗೆ ಕಿಟಕಿ ಗಾಜೇ ನಡುಗ್ತಿತ್ತು. ಅದಕ್ಕಿಂತ ದೊಡ್ಡ ತೊಂದ್ರೆ ನಾವು ಯೋಚನೆನೇ ಮಾಡಿರ್ಲಿಲ್ಲ, ಮನೇಲಿ ಅವ್ನು ಹಗಲು ಮಲಗೋದು ಸೀರೆ ಜೋಲೀಲಿ, ರೆಸಾರ್ಟ್ ರೂಮಲ್ಲಿ ಜೋಲಿ ಕಟ್ಟೋಕೆ ಕೊಂಡಿ ಎಲ್ಲಿಂದ ಬರ್ಬೇಕು? ಭಾನುವಾರ ಬೆಳಿಗ್ಗೆ ತಿಂಡಿ ಕೂಡ ತಿನ್ನದೆ ವಾಪಸ್ ಹೊರಟ್ವಿ.

ಪಾಪುಗೆ ಎಂಟು ತಿಂಗಳಾದಾಗ ಮತ್ತೆ ಹೋದ್ವಿ, ನಂದಿಗೆ, ಎರಡು ರಾತ್ರಿ. ಈ ಸಲ ಪಾಪು ನಿದ್ದೆ ಟೈಮ್ ಮುಂದಿಟ್ಕೊಂಡು ಆಮೇಲೆ ಊರು, ರೂಮು, ಹೊರಡೋ ಟೈಮು ಎಲ್ಲ ಅದಕ್ಕೆ ಹೊಂದಿಸಿದ್ದು. ಹೇಗೆ ಮಾಡಿದ್ವಿ ಅನ್ನೋದನ್ನ ಒಂದೊಂದಾಗಿ ಬರೀತೀನಿ, ನಿಮ್ಮ ಪಾಪು ಟೈಮ್ ಬೇರೆ ಇರುತ್ತೆ ಆದ್ರೆ ಲೆಕ್ಕ ಹಾಕೋ ರೀತಿ ಅದೇ.

ಮೊದ್ಲು ಐದು ದಿನ ಬರ್ದಿಡಿ

ಟ್ರಿಪ್‌ಗೆ ಎರಡು ವಾರ ಇರೋವಾಗ್ಲೇ ಐದು ದಿನ, ಪಾಪು ಎಷ್ಟೊತ್ತಿಗೆ ಎದ್ದಿದ್ದು, ಎಷ್ಟೊತ್ತಿಗೆ ಮಲಗಿದ್ದು, ಎಷ್ಟೊತ್ತಿಗೆ ಹಾಲು ಕುಡಿದಿದ್ದು ಅಷ್ಟೇ ಬರ್ದಿಡಿ. ನಾನು ಫ್ರಿಜ್ ಮೇಲೆ ಕ್ಯಾಲೆಂಡರ್ ಹಾಳೆ ಹಿಂಭಾಗ ಅಂಟಿಸ್ಕೊಂಡು ಬರೀತಿದ್ದೆ. ಮೊದಲ್ನೇ ಎರಡು ದಿನ ಎಲ್ಲ ಕಲಸುಮೇಲೋಗರ ಅನ್ಸುತ್ತೆ, ನಾಲ್ಕನೇ ದಿನಕ್ಕೆ ಒಂದು ಕ್ರಮ ಕಾಣ್ಸೋಕೆ ಶುರು ಆಗುತ್ತೆ.

ನಮ್ಮವನದ್ದು ಹೀಗೆ ಬಂತು: ಬೆಳಿಗ್ಗೆ ಆರೂವರೆಗೆ ಏಳ್ತಾನೆ, ಮೊದಲ್ನೇ ನಿದ್ದೆ 8:45ರಿಂದ 10, ಎರಡ್ನೇದು 12:45ರಿಂದ 2:15, ಸಂಜೆ ಐದಕ್ಕೆ ಒಂದು ಅರ್ಧ ಗಂಟೆ ಕೋಳಿನಿದ್ದೆ, ರಾತ್ರಿ ಎಂಟಕ್ಕೆ ಮಲಗ್ತಾನೆ. ಎದ್ದ ತಕ್ಷಣ ಒಂದು ಸಲ ಹಾಲು, ಆಮೇಲೆ ಹೆಚ್ಚುಕಮ್ಮಿ ಮೂರು ಗಂಟೆಗೊಂದ್ಸಲ, ಮಧ್ಯೆ ಎರಡು ಸಲ ಊಟ.

ಇದ್ರಲ್ಲಿ ಮುಖ್ಯವಾಗಿ ನೋಡ್ಬೇಕಾದ್ದು ಒಂದು ನಿದ್ದೆಯಿಂದ ಇನ್ನೊಂದು ನಿದ್ದೆಗೆ ಎಷ್ಟು ಹೊತ್ತು ಎಚ್ಚರ ಇರ್ತಾನೆ ಅನ್ನೋದು. ಆರೇಳು ತಿಂಗಳಲ್ಲಿ ಅದು ಸಾಮಾನ್ಯವಾಗಿ ಎರಡರಿಂದ ಎರಡೂವರೆ ಗಂಟೆ, ಹತ್ತು ತಿಂಗಳ ಹೊತ್ತಿಗೆ ಮೂರು ಮೂರೂವರೆ ಆಗುತ್ತೆ, ಮೂರು ತಿಂಗಳ ಪಾಪು ಒಂದೂವರೆ ಗಂಟೆ ಎಚ್ಚರ ಇದ್ರೆ ಹೆಚ್ಚು. ಈ ಹೊತ್ತು ಮೀರಿದ್ರೆ ಪಾಪು ಸುಸ್ತಾಗಿ ಬೇಗ ಮಲಗುತ್ತೆ ಅಂತ ನಮ್ಮನೇಲಿ ಎಲ್ರೂ ಅನ್ಕೊಂಡಿದ್ರು, ಆಗೋದು ಉಲ್ಟಾ. ಹೊತ್ತು ಮೀರಿ ಸುಸ್ತಾದ್ರೆ ಮೈ ಇನ್ನೂ ಚುರುಕಾಗಿ ಎಚ್ಚರ ಉಳಿಸ್ಕೊಳ್ಳೋಕೆ ನೋಡುತ್ತೆ, ಬೆನ್ನು ಬಿಲ್ಲಿನ ಥರ ಬಗ್ಗಿಸಿ ಅಳೋದು, ಮಲಗಿಸಿದ್ರೂ ಇಪ್ಪತ್ತು ನಿಮಿಷಕ್ಕೆ ಎದ್ದುಬಿಡೋದು. ಅದಕ್ಕೆ ಮುಂಚಿನ ಗುರುತು ಹಿಡೀಬೇಕು: ಆಟದ ಸಾಮಾನು ಬಿಟ್ಟು ಸುಮ್ನೆ ಎಲ್ಲೋ ನೋಡೋದು, ಕಿವಿ ಎಳ್ಕೊಳ್ಳೋದು, ಕಣ್ಣು ಉಜ್ಜೋದು, ಕೆಲವು ಪಾಪುಗಳಿಗೆ ಹುಬ್ಬಿನ ಹತ್ರ ಕೆಂಪಗಾಗೋದು. ಹೊಸ ಜಾಗದಲ್ಲಿ ಎಲ್ಲ ಹೊಸದಾಗಿ ಕಾಣೋದ್ರಿಂದ ಈ ಗುರುತುಗಳು ತಡವಾಗಿ ಕಾಣ್ಸುತ್ತೆ, ಹಾಗಾಗಿ ಟ್ರಿಪ್‌ನಲ್ಲಿ ಗುರುತಿಗಿಂತ ಗಡಿಯಾರ ನಂಬೋದು ವಾಸಿ, ಮನೇಲಿ ಮಲಗೋದಕ್ಕಿಂತ ಹತ್ತು ಹದಿನೈದು ನಿಮಿಷ ಮುಂಚೆನೇ ಮಲಗಿಸೋಕೆ ಶುರು ಮಾಡಿ.

ಒಂದು ನಿದ್ದೆ, ಒಂದು ಹಾಲ್ಟ್, ಆಮೇಲೆ ಸ್ವಲ್ಪ ದೂರ

ಈಗ ಊರು ಆರಿಸೋದು. ನಾನು ಇಟ್ಕೊಂಡ ಲೆಕ್ಕ: ಒಂದು ದೊಡ್ಡ ನಿದ್ದೆ ಕಾರಲ್ಲಿ, ಎದ್ಮೇಲೆ ಅರ್ಧ ಮುಕ್ಕಾಲು ಗಂಟೆ ಹಾಲ್ಟ್, ಆಮೇಲೆ ಎಚ್ಚರ ಇದ್ದಾಗ ಹೆಚ್ಚಂದ್ರೆ ಮುಕ್ಕಾಲು ಗಂಟೆ ಪ್ರಯಾಣ. ಅಷ್ಟರಲ್ಲಿ ತಲುಪೋ ಹಾಗಿದ್ರೆ ಆ ಊರು ಸರಿ, ಇಲ್ಲ ಅಂದ್ರೆ ಇನ್ನೊಂದು ವರ್ಷ ಬಿಟ್ಟು ಹೋಗೋಣ. ಎಂಟು ತಿಂಗಳ ಪಾಪುಗೆ ಇದು ಸುಮಾರು ಎರಡು ಗಂಟೆ ದಾರಿ ಆಯ್ತು. ಕಾರ್ ಸೀಟಲ್ಲಿ ಒಂದೇ ಸಮನೆ ಎರಡು ಗಂಟೆಗಿಂತ ಜಾಸ್ತಿ ಕೂರಿಸ್ಬಾರ್ದು ಅಂತ ಡಾಕ್ಟರ್‌ಗಳು ಹೇಳೋದು ಇದಕ್ಕೆ ಹೊಂದ್ಕೊಳ್ಳುತ್ತೆ, ಯಾಕಂದ್ರೆ ಓರೆಯಾಗಿ ಕೂತು ಮಲಗಿದಾಗ ತಲೆ ಮುಂದಕ್ಕೆ ಬಾಗಿ ಗಲ್ಲ ಎದೆಗೆ ತಾಗಿದ್ರೆ ಸಣ್ಣ ಮಕ್ಕಳಿಗೆ ಉಸಿರಾಟಕ್ಕೆ ತೊಂದ್ರೆ ಆಗಬಹುದು. ಊರು ತಲುಪಿದ ತಕ್ಷಣ ಮಲಗಿದ್ರೂ ಎತ್ತಿ ಚಪ್ಪಟೆ ಜಾಗದಲ್ಲಿ ಮಲಗಿಸ್ಬೇಕು, ಸೀಟ್ ಸಮೇತ ರೂಮಿಗೆ ತಂದು ಹಾಗೇ ಬಿಡೋದು ಬೇಡ.

ಕಾರ್ ಸೀಟ್ ಯಾಕೆ ತೊಡೆ ಮೇಲೆ ಕೂರಿಸ್ಕೊಂಡ್ರಾಯ್ತಲ್ಲ ಅಂತ ನಮ್ಮತ್ತೆನೂ ಕೇಳಿದ್ರು, ನಮ್ಮಪ್ಪನೂ ಕೇಳಿದ್ರು. ಜೋರಾಗಿ ಬ್ರೇಕ್ ಹಾಕಿದ್ರೆ ಎಂಟು ಕೆಜಿ ಪಾಪುನ ಕೈಯಲ್ಲಿ ಹಿಡ್ಕೊಳ್ಳೋಕೆ ಯಾರಿಗೂ ಆಗಲ್ಲ. ಹಿಂದಿನ ಸೀಟಲ್ಲಿ, ಪಾಪು ಮುಖ ಹಿಂದಕ್ಕೆ ಇರೋ ಹಾಗೆ, ಅಷ್ಟೇ. ಏರ್‌ಬ್ಯಾಗ್ ಇರೋ ಮುಂದಿನ ಸೀಟಲ್ಲಂತೂ ಬೇಡವೇ ಬೇಡ. ಹಾಲು ಕುಡಿಸೋಕೂ ಗಾಡಿ ನಿಲ್ಲಿಸ್ಲೇಬೇಕು, ಓಡ್ತಾ ಇರೋ ಕಾರಲ್ಲಿ ಸೀಟಿಂದ ಬಿಚ್ಚಿ ಎದೆಗೆ ಹಾಕ್ಕೊಳ್ಳೋದು ನಾನೂ ಮೊದಲ್ನೇ ಟ್ರಿಪ್‌ನಲ್ಲಿ ಮಾಡಿದ್ದೆ, ಈಗ ನೆನೆಸ್ಕೊಂಡ್ರೆ ಭಯ ಆಗುತ್ತೆ.

ನಮಗೆ ಹೋಗಿ ಬರೋಕೆ ಜಾಗ ಎಷ್ಟೋ ಇದೆ, ಆದ್ರೆ ಎಲ್ಲ ಪಾಪು ಜೊತೆ ಆಗಲ್ಲ. ಶಿವಗಂಗೆ, ಕೋಲಾರದ ಅಂತರಗಂಗೆ ಅಂದ್ರೆ ಮೆಟ್ಟಿಲು, ಜೊತೆಗೆ ಕೋತಿ. ಚಿಕ್ಕಬಳ್ಳಾಪುರದ ಹತ್ರ ಈಶಾದ 112 ಅಡಿ ಆದಿಯೋಗಿ ನೋಡೋಕೆ ಚೆನ್ನಾಗಿದೆ, ಆದ್ರೆ ಜನ ಬರೋದೇ ಸಂಜೆ ಲೈಟ್ ಶೋಗೆ, ಅದು ಪಾಪು ಮಲಗೋ ಹೊತ್ತು, ಸದ್ದೂ ಜೋರು. ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ ನೆರಳು ಕಮ್ಮಿ, ಬಿಸಿಲಲ್ಲಿ ಓಡಾಡೋದು ಜಾಸ್ತಿ.

ನಾವು ನಂದಿ ಆರಿಸಿದ್ದು ಬೆಟ್ಟಕ್ಕೋಸ್ಕರ ಅಲ್ಲ, ಬೆಟ್ಟದ ಬುಡದ ನಂದಿ ಗ್ರಾಮಕ್ಕೋಸ್ಕರ. ಅಲ್ಲಿ ಭೋಗನಂದೀಶ್ವರ ದೇವಸ್ಥಾನ ಇದೆಯಲ್ಲ, ಸಾವಿರ ವರ್ಷಕ್ಕೂ ಹಳೇದು, ಬೆಟ್ಟ ಹತ್ತೋದೇನೂ ಇಲ್ಲ ಎಲ್ಲ ಸಮತಟ್ಟು, ಉದ್ದಕ್ಕೂ ಕಲ್ಲಿನ ಮಂಟಪದ ನೆರಳು, ಹಿಂದೆ ದೊಡ್ಡ ಕಲ್ಯಾಣಿ. ವಾರದ ದಿನ ಸಂಜೆ ಹೋದ್ರೆ ಪಾರಿವಾಳದ ಸದ್ದು ಬಿಟ್ಟು ಏನೂ ಇರಲ್ಲ. ಪಾಪು ಜೊತೆ ಹೋಗೋ ಜಾಗ ಅಂದ್ರೆ ನನಗೆ ಬೇಕಾಗಿದ್ದು ಇಷ್ಟೇ: ನೆರಳು, ಕೂರೋಕೆ ಜಾಗ, ಅತ್ರೆ ಹತ್ತು ನಿಮಿಷದಲ್ಲಿ ರೂಮಿಗೆ ವಾಪಸ್ ಬರೋ ಹಾಗಿರ್ಬೇಕು. ಈ ಮೂರನೇದನ್ನ ಜನ ಮರೀತಾರೆ. ನೋಡೋ ಜಾಗ ರೂಮಿಂದ ಮುಕ್ಕಾಲು ಗಂಟೆ ದೂರ ಇದ್ರೆ ಹೋಗೋದು ಬರೋದ್ರಲ್ಲೇ ಪಾಪುವಿನ ಎಚ್ಚರದ ಹೊತ್ತು ಮುಗ್ದುಹೋಗುತ್ತೆ.

ಶನಿವಾರ ಭಾನುವಾರ ಮಾತ್ರ ಬೇಡ, ಸೂರ್ಯೋದಯ ನೋಡೋಕೆ ಬೆಂಗಳೂರಿಂದ ಬರೋ ಬೈಕು ಕಾರು ಬೆಳಗಿನ ಜಾವದಿಂದ್ಲೇ ಸಾಲುಗಟ್ಟುತ್ತೆ. ಶಿವರಾತ್ರಿ ಜಾತ್ರೆ ಸಮಯದಲ್ಲಿ ನಂದಿಯಲ್ಲಿ ಕಾಲಿಡೋಕೆ ಜಾಗ ಇರಲ್ಲ. ನಾವು ಸೋಮವಾರ ಹೋಗಿ ಬುಧವಾರ ಬಂದ್ವಿ, ಇವ್ರು ಮೂರು ದಿನ ರಜೆ ಹಾಕಿದ್ರು. ನವೆಂಬರ್ ಕೊನೆ ಆದ್ದರಿಂದ ಬಿಸಿಲು ಹಗುರ, ಮಾರ್ಚ್ ಆದ್ಮೇಲೆ ನಾನಂತೂ ಹಗಲಲ್ಲಿ ಹೊರಗೆ ಕರ್ಕೊಂಡು ಹೋಗಲ್ಲ.

ಲಸಿಕೆ ದಿನಾನೂ ನೋಡ್ಕೊಳ್ಳಿ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ ಪೆಂಟಾವೇಲೆಂಟ್ ಹಾಕಿಸಿದ್ರೆ ಜ್ವರ ಬರೋದು ಅವತ್ತು ಅಥವಾ ಮಾರನೇ ದಿನ, ಆದ್ರೆ ಒಂಬತ್ತು ತಿಂಗಳಿಗೆ ಹಾಕೋ ದಡಾರ ರುಬೆಲ್ಲಾ ಲಸಿಕೆ ಜ್ವರ ಒಂದು ವಾರದಿಂದ ಹನ್ನೆರಡು ದಿನ ಬಿಟ್ಟು ಬರುತ್ತೆ, ಲಸಿಕೆ ಮುಗೀತಲ್ಲ ಹೋಗೋಣ ಅಂತ ಹೊರಟವ್ರಿಗೆ ಊರಲ್ಲಿ ಹೋಗಿ ಜ್ವರ ಹಿಡ್ಕೊಳ್ಳೋದು ಹೀಗೇನೇ. ಇನ್ನು ಮೂರು ತಿಂಗಳು ತುಂಬದ ಪಾಪು ಆದ್ರೆ ಟ್ರಿಪ್ಪೇ ಬೇಡ ಅಂತೀನಿ, ಆ ವಯಸ್ಸಲ್ಲಿ 38 ಡಿಗ್ರಿ ಜ್ವರ ಬಂದ್ರೆ ಮನೆಮದ್ದು ಮಾಡದೆ ತಕ್ಷಣ ಆಸ್ಪತ್ರೆಗೆ ಓಡ್ಬೇಕು.

ರೂಮಿಗೆ ಫೋನ್ ಮಾಡಿ ಕೇಳ್ಬೇಕಾದ್ದು

ಫೋಟೋ ನೋಡಿ ಬುಕ್ ಮಾಡ್ಬೇಡಿ, ಫೋನ್ ಮಾಡಿ. ನಾನು ಕೇಳಿದ ಮೊದಲ್ನೇ ಪ್ರಶ್ನೆ ಈಜುಕೊಳ ಇದೆಯಾ ಅಂತಲ್ಲ, ಆ ದಿನ ಯಾವ್ದಾದ್ರೂ ಫಂಕ್ಷನ್ ಬುಕ್ ಆಗಿದ್ಯಾ, ಪಕ್ಕದಲ್ಲಿ ಕಲ್ಯಾಣ ಮಂಟಪ ಇದ್ಯಾ ಅಂತ. ಮದುವೆ ಸೀಸನ್‌ನಲ್ಲಿ ಛತ್ರದ ಪಕ್ಕ ರೂಮ್ ಸಿಕ್ಕಿದ್ರೆ ಬೆಳಗಿನ ಜಾವ ನಾಲ್ಕಕ್ಕೇ ವಾಲಗ. ಆಮೇಲೆ ಜನರೇಟರ್ ಎಲ್ಲಿದೆ, ರೂಮು ನೆಲಮಹಡಿದಾ, ಅಡಿಗೆಮನೇಲಿ ನಮ್ಮ ಪಾತ್ರೇಲಿ ಪಾಪುಗೆ ರಾಗಿ ಸರಿ ಕಾಯಿಸ್ಕೊಡ್ತೀರಾ, ಮಂಚದ ಜೊತೆ ಇನ್ನೊಂದು ಗಟ್ಟಿ ಹಾಸಿಗೆ ನೆಲಕ್ಕೆ ಹಾಕ್ಕೊಡ್ತೀರಾ. ಆರೇಳು ತಿಂಗಳಾದ್ಮೇಲೆ ಪಾಪುಗಳು ನಿದ್ದೆಗಣ್ಣಲ್ಲೇ ಉರುಳ್ತಾರೆ, ಹೋಟೆಲ್ ಮಂಚ ಎತ್ತರ, ದಿಂಬಿನ ಕೋಟೆ ಕಟ್ಟಿದ್ರೂ ಬೀಳ್ತಾರೆ, ಮತ್ತೆ ಆ ದಿಂಬು ಮುಖಕ್ಕೆ ಬಿದ್ರೆ ಉಸಿರು ಕಟ್ಟೋ ಭಯ ಬೇರೆ. ನೆಲದ ಮೇಲೆ ಗಟ್ಟಿ ಹಾಸಿಗೆ, ಬಿಗಿಯಾಗಿ ಸಿಕ್ಕಿಸಿದ ಬೆಡ್‌ಶೀಟ್, ಮೇಲೆ ಸೊಳ್ಳೆಪರದೆ, ಸಾಕು.

ಫೋನಲ್ಲಿ ಮಾತಾಡಿದ ಒಂದು ಕಡೆಯವ್ರು "ಬನ್ನಿ ಮೇಡಂ ಎಲ್ಲ ಅಡ್ಜಸ್ಟ್ ಮಾಡ್ಕೊಡ್ತೀವಿ" ಅಂತ ಎಲ್ಲದಕ್ಕೂ ಅಂದ್ರು, ಅಲ್ಲಿ ಬಿಟ್ಟೆ. ಇನ್ನೊಬ್ರು "ಗುರುವಾರ ಒಂದು ಎಂಗೇಜ್ಮೆಂಟ್ ಇದೆ ಮೇಡಂ, ಅದಕ್ಕೆ ಮುಂಚೆ ಆದ್ರೆ ಬನ್ನಿ, ಹಾಸಿಗೆ ಕೊಡ್ತೀವಿ, ಆದ್ರೆ ಬಾತ್‌ಟಬ್ ಇಲ್ಲ ಬಕೆಟ್ಟೇ" ಅಂದ್ರು, ಅಲ್ಲಿ ಬುಕ್ ಮಾಡಿದ್ವಿ.

ಚೆಕ್-ಇನ್ ಟೈಮ್ ಮಾತ್ರ ಮರೀದೆ ಕೇಳಿ, ನಮ್ಮ ಇಡೀ ಪ್ಲಾನ್ ಬದಲಾಗಿದ್ದು ಅದರಿಂದ್ಲೇ. ಎಲ್ರೂ ಬೆಳಿಗ್ಗೆ ಬೇಗ ಹೊರಡ್ತಾರೆ. ನಾವೂ ಮೊದಲ್ನೇ ನಿದ್ದೆ ಕಾರಲ್ಲಿ ಆಗ್ಲಿ ಅಂತ 8:45ಕ್ಕೆ ಹೊರಡೋದು ಅಂತ ಬರ್ಕೊಂಡಿದ್ವಿ. ಹಾಗೆ ಹೊರಟ್ರೆ ಹನ್ನೊಂದೂವರೆಗೆ ನಂದಿ, ಪಾಪು ಎರಡ್ನೇ ನಿದ್ದೆ 12:45ಕ್ಕೆ, ಆದ್ರೆ ರೂಮ್ ಕೊಡೋದು ಎರಡು ಗಂಟೆಗೆ. ಅಂದ್ರೆ ದಿನದ ದೊಡ್ಡ ನಿದ್ದೆ ರಿಸೆಪ್ಷನ್ ಸೋಫಾ ಮೇಲೆ. ಅದಕ್ಕೆ ತಿರುಗಿಸಿದ್ವಿ, ಹೋಗುವಾಗ ಎರಡ್ನೇ ನಿದ್ದೇಲಿ ಹೊರಡೋದು, ಬರುವಾಗ ಮೊದಲ್ನೇ ನಿದ್ದೇಲಿ ಹೊರಡೋದು. ಹೋದ ತಕ್ಷಣ ರೂಮ್ ರೆಡಿ ಇರುತ್ತೆ, ಬರೋ ದಿನ ಚೆಕ್-ಔಟ್ ಗಡಿಬಿಡಿ ಇಲ್ಲ, ಎರಡ್ನೇ ನಿದ್ದೆ ಮನೇಲಿ. ಈ ಪುಟ್ಟ ಬದಲಾವಣೆಯಿಂದ ಆದಷ್ಟು ಅನುಕೂಲ ನಾನು ತಗೊಂಡ ಯಾವ ಸಾಮಾನಿಂದ್ಲೂ ಆಗ್ಲಿಲ್ಲ.

ಜೋಲಿ ಬಿಡಿಸೋದು, ಒಂದು ರಿಹರ್ಸಲ್

ಜೋಲೀಲಿ ಮಲಗೋ ಪಾಪು ಇದ್ರೆ ಹತ್ತು ದಿನ ಮುಂಚೆ ಶುರು ಮಾಡಿ. ದಿನದ ಮೊದಲ್ನೇ ನಿದ್ದೆ ಮಾತ್ರ ಹಾಸಿಗೆ ಮೇಲೆ, ಉಳಿದಿದ್ದು ಜೋಲೀಲೇ ಇರ್ಲಿ. ಬೆಳಗಿನ ನಿದ್ದೆ ಎಲ್ಲಕ್ಕಿಂತ ಸುಲಭವಾಗಿ ಹತ್ತುತ್ತೆ ಅದಕ್ಕೆ ಅದ್ರಿಂದ ಶುರು ಮಾಡೋದು. ಅಲ್ಲಾಡಿಸೋದ್ರ ಬದ್ಲು ಪಕ್ಕದಲ್ಲಿ ಕೂತು ಎದೆ ಮೇಲೆ ಕೈಯಿಟ್ಟು ನಿಧಾನಕ್ಕೆ ತಟ್ಟೋದು, ಅದೇ ಜೋಗುಳ, ಅದೇ ಫ್ಯಾನ್ ಸದ್ದು. ಮೊದಲ್ನೇ ಮೂರು ದಿನ ಅತ್ತ, ನಾಲ್ಕನೇ ದಿನ ಹದಿನೈದು ನಿಮಿಷಕ್ಕೆ ಮಲಗಿದ, ವಾರ ಆದ್ಮೇಲೆ ಎರಡ್ನೇ ನಿದ್ದೆನೂ ಹಾಸಿಗೆಗೆ ತಂದ್ವಿ. ನಮ್ಮತ್ತೆಗೆ ಮಾತ್ರ ಸಮಾಧಾನ ಇರ್ಲಿಲ್ಲ, "ಯಾಕಮ್ಮ ಕಂದನ್ನ ಅಳಿಸ್ತೀಯ, ಟ್ರಿಪ್ ಯಾರಿಗೆ ಬೇಕಾಗಿತ್ತು" ಅಂತಿದ್ರು, ಹಾಗಂತ ಕೊನೆಗೆ ತಟ್ಟಿ ಮಲಗಿಸೋದ್ರಲ್ಲಿ ಅವ್ರೇ ಎಕ್ಸ್‌ಪರ್ಟ್ ಆದ್ರು. ರೂಮಲ್ಲಿ ಫ್ಯಾನ್ ಕೊಕ್ಕೆಗೆ ಸೀರೆ ಕಟ್ಟೋ ಐಡಿಯಾ ಯಾರಾದ್ರೂ ಕೊಟ್ರೆ ದಯವಿಟ್ಟು ಕೇಳ್ಬೇಡಿ.

ಹೊರಡೋ ಹಿಂದಿನ ವಾರ ಅರ್ಧ ದಿನದ ರಿಹರ್ಸಲ್ ಮಾಡಿ. ತುಮಕೂರಿನವ್ರಿಗೆ ದೇವರಾಯನದುರ್ಗ ಹದಿನೈದು ಕಿಲೋಮೀಟರ್, ನಾವು ಬೆಟ್ಟದ ಮೇಲಕ್ಕೆ ಹೋಗ್ಲಿಲ್ಲ, ನಾಮದ ಚಿಲುಮೆ ಹತ್ರ ಜಿಂಕೆ ತೋರಿಸ್ಕೊಂಡು ಬಂದ್ವಿ. ಕಾರ್ ಸೀಟಲ್ಲಿ ಎಷ್ಟೊತ್ತಿಗೆ ಮಲಗ್ತಾನೆ, ಮನೆ ಹೊರಗೆ ಊಟ ತಿಂತಾನಾ, ಬ್ಯಾಗಲ್ಲಿ ಏನು ಮರ್ತಿದ್ವಿ ಎಲ್ಲ ಅವತ್ತೇ ಗೊತ್ತಾಯ್ತು. ಸ್ಟ್ರಾಲರ್ ವೇಸ್ಟ್ ಅಂತಲೂ ಅಲ್ಲೇ ಗೊತ್ತಾಗಿದ್ದು, ಕಲ್ಲು ಮಣ್ಣಿನ ಮೇಲೆ ತಳ್ಳೋಕೂ ಆಗಲ್ಲ, ದೇವಸ್ಥಾನದ ಹೊಸ್ತಿಲು ದಾಟಿಸೋಕೂ ಆಗಲ್ಲ. ಎದೆಗೆ ಕಟ್ಕೊಳ್ಳೋ ಕ್ಯಾರಿಯರ್ ಸಾಕು, ಕಟ್ಕೊಂಡಾಗ ಪಾಪು ಮುಖ ನಮಗೆ ಕಾಣ್ತಿರ್ಬೇಕು, ಗಲ್ಲ ಎದೆಗೆ ಅಂಟಿರ್ಬಾರ್ದು. ಇನ್ನೊಂದು, ಕೋತಿಗೆ ಹಾಲಿನ ಬಾಟ್ಲಿ ಅಂದ್ರೆ ಪ್ರಾಣ, ಅದನ್ನ ಕೈಯಲ್ಲಿ ಹಿಡ್ಕೊಂಡು ಕಾರಿಂದ ಇಳೀಬೇಡಿ.

ಊಟ ಹಾಲಿನ ವ್ಯವಸ್ಥೆ

ಆರು ತಿಂಗಳ ಒಳಗೆ ಬರೀ ಎದೆಹಾಲು ಆದ್ರೆ ನೀವು ಅದೃಷ್ಟವಂತ್ರು, ನೀರು ಕೂಡ ಕೊಡೋ ಹಾಗಿಲ್ಲ, ಬಿಸಿಲಿದ್ರೆ ಇನ್ನೊಂದೆರಡು ಸಲ ಜಾಸ್ತಿ ಎದೆಗೆ ಹಾಕ್ಕೊಳ್ಳಿ, ನೀವು ನೀರು ಕುಡೀರಿ. ಅಷ್ಟೇ ಪ್ಯಾಕಿಂಗ್.

ಪೌಡರ್ ಹಾಲು ಕೊಡೋರು ಸ್ವಲ್ಪ ಎಚ್ಚರ. ಆ ಪೌಡರಲ್ಲಿ ಕ್ರಿಮಿ ಇರೋ ಸಾಧ್ಯತೆ ಇರೋದ್ರಿಂದ ಕಲಸೋ ನೀರು 70 ಡಿಗ್ರಿಗಿಂತ ಬಿಸಿ ಇರ್ಬೇಕು, ಆಮೇಲೆ ಬಾಟ್ಲಿನ ತಣ್ಣೀರಲ್ಲಿಟ್ಟು ಆರಿಸಿ ಕೊಡ್ಬೇಕು. ಮನೆಯಿಂದ ಹೊರಡುವಾಗ ಕುದಿಯೋ ನೀರು ಒಳ್ಳೆ ಫ್ಲಾಸ್ಕಿಗೆ ತುಂಬ್ಕೊಳ್ಳಿ, ಒಂದೊಂದು ಸಲಕ್ಕೆ ಬೇಕಾದಷ್ಟು ಪೌಡರ್ ಒಣ ಡಬ್ಬೀಲಿ ಬೇರೆ ಬೇರೆ ಅಳ್ದಿಟ್ಕೊಳ್ಳಿ, ಬೇಕಾದಾಗ ಕಲಸಿ. ಮನೇಲೇ ಕಲಸಿ ಬಾಟ್ಲೀಲಿ ತಗೊಂಡು ಹೋಗೋದು ಬೇಡ, ಕಲಸಿದ್ದು ಎರಡು ಗಂಟೆ ಒಳಗೆ ಮುಗೀಬೇಕು, ಕುಡಿದು ಉಳಿದಿದ್ದು ಚೆಲ್ಲೋದೇ.

ಆರು ತಿಂಗಳ ಮೇಲಿನವ್ರಿಗೆ ಊಟ. ನಾನು ತಗೊಂಡು ಹೋಗಿದ್ದು ರಾಗಿ ಸರಿ ಹಿಟ್ಟು ಒಂದು ಡಬ್ಬಿ, ಏಲಕ್ಕಿ ಬಾಳೆಹಣ್ಣು, ಒಂದು ಚಿಕ್ಕ ಸ್ಟೀಲ್ ಪಾತ್ರೆ, ಎರಡು ಚಮಚ. ಹಿಟ್ಟು ಎರಡು ಚಮಚ ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ ಸಣ್ಣ ಉರೀಲಿ ಏಳೆಂಟು ನಿಮಿಷ ಬೇಯಿಸ್ಬೇಕು, ರೂಮಿನ ಕೆಟಲ್ ನೀರು ಹಾಕಿ ಕಲಸಿದ್ರೆ ಹಸಿಹಸಿಯಾಗೇ ಉಳಿಯುತ್ತೆ, ಹೊಟ್ಟೆನೋವು ಗ್ಯಾರಂಟಿ. ಅದಕ್ಕೇ ಅಡಿಗೆಮನೆ ವಿಷ್ಯ ಫೋನಲ್ಲೇ ಕೇಳಿ ಅಂದಿದ್ದು. ಉಪ್ಪು, ಸಕ್ಕರೆ, ಬೆಲ್ಲ ಹಾಕ್ಬೇಡಿ ಅಂತ ಅಡಿಗೆಯವ್ರಿಗೆ ನಿಂತ್ಕೊಂಡು ಹೇಳಿ, ಪ್ರೀತಿಯಿಂದ ಹಾಕಿಬಿಡ್ತಾರೆ. ಬೆಳಿಗ್ಗೆ ಹೋಟೆಲ್ ಇಡ್ಲಿ ಬಿಸಿಯಾಗಿದ್ರೆ ಮಧ್ಯದ ಮೆತ್ತಗಿನ ಭಾಗ ಬಿಸಿನೀರಲ್ಲಿ ಕಿವುಚಿ ಕೊಡಬಹುದು, ಸಾಂಬಾರು ಚಟ್ನಿ ಬೇಡ. ಜೇನುತುಪ್ಪ ಒಂದು ವರ್ಷ ತುಂಬೋ ತನಕ ನಾಲಿಗೆಗೆ ಸವರೋ ಹಾಗೂ ಇಲ್ಲ, ದೇವಸ್ಥಾನದ ಪಂಚಾಮೃತದಲ್ಲಿ ಜೇನು ಇರುತ್ತೆ ಅನ್ನೋದು ನೆನಪಿರ್ಲಿ, ಪೂಜಾರಿಗಳು ಪಾಪುಗೂ ಅಂತ ಕೊಟ್ರೆ ನೀವೇ ಕುಡೀರಿ.

ಹೊಸ ಪದಾರ್ಥ ಟ್ರಿಪ್‌ನಲ್ಲಿ ಶುರು ಮಾಡ್ಬೇಡಿ. ಅಲರ್ಜಿ ಆದ್ರೆ ಯಾವುದ್ರಿಂದ ಅಂತ ಗೊತ್ತಾಗಲ್ಲ, ಹತ್ರದಲ್ಲಿ ನಿಮ್ಮ ಡಾಕ್ಟರೂ ಇರಲ್ಲ.

ನಮ್ಮ ಮೂರು ದಿನ ಹೀಗೆ ಹೋಯ್ತು

ಸೋಮವಾರ ಬೆಳಿಗ್ಗೆ ಮಾಮೂಲಿ ದಿನದ ಥರನೇ. ಮೊದಲ್ನೇ ನಿದ್ದೆ ಮನೇಲಿ, ಆ ಹೊತ್ತಲ್ಲಿ ನಾವು ಬ್ಯಾಗ್ ಕಾರಿಗೆ ಹಾಕಿದ್ವಿ. ಹನ್ನೊಂದೂವರೆಗೆ ಊಟ, ಹನ್ನೆರಡು ಗಂಟೆಗೆ ಹಾಲು, ತೇಗು ಬರಿಸಿ ಒಂದು ಇಪ್ಪತ್ತು ನಿಮಿಷ ನೆಟ್ಟಗೆ ಎತ್ಕೊಂಡು ಓಡಾಡಿ, ಡೈಪರ್ ಬದಲಾಯಿಸಿ 12:35ಕ್ಕೆ ಸೀಟಿಗೆ. ಹೊಟ್ಟೆ ತುಂಬಿದ ತಕ್ಷಣ ಸೀಟಿಗೆ ಹಾಕಿದ್ರೆ ಬೆಲ್ಟ್ ಹೊಟ್ಟೆ ಒತ್ತಿ ಕಕ್ಕಿಬಿಡ್ತಾರೆ, ಮೊದಲ್ನೇ ಟ್ರಿಪ್‌ನ ಪಾಠ. ಕ್ಯಾತ್ಸಂದ್ರ ದಾಟೋಷ್ಟರಲ್ಲಿ ನಿದ್ದೆ. ಡಾಬಸ್‌ಪೇಟೆಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ದಾರಿ ಹಿಡಿದ್ವಿ, ಬೆಂಗಳೂರು ಒಳಗೆ ಹೋಗೋದೇ ಬೇಡ ಟ್ರಾಫಿಕ್ಕಲ್ಲಿ ಗಾಡಿ ನಿಂತ ತಕ್ಷಣ ಎದ್ದುಬಿಡ್ತಾನೆ. ದೊಡ್ಡಬಳ್ಳಾಪುರಕ್ಕೆ ಎರಡು ಗಂಟೆಗೆ ಬಂದ್ವಿ, ಇನ್ನೂ ಮಲಗಿದ್ದ, ಗಾಡಿ ನಿಲ್ಲಿಸ್ದೆ ಊರು ದಾಟಿ ಮುಂದೆ ಒಂದು ಮರದ ನೆರಳು ಸಿಕ್ಕಾಗ ಎದ್ದ. ನಲವತ್ತು ನಿಮಿಷ ಹಾಲ್ಟ್, ಹಾಲು, ಡೈಪರ್, ಚಾಪೆ ಮೇಲೆ ಬಿಟ್ಟು ಕೈಕಾಲು ಆಡ್ಸೋಕೆ ಜಾಗ. ಇದನ್ನ ಕಮ್ಮಿ ಮಾಡ್ಬೇಡಿ, ಹತ್ತು ನಿಮಿಷಕ್ಕೆ ಮತ್ತೆ ಸೀಟಿಗೆ ಹಾಕಿದ್ರೆ ಉಳಿದ ದಾರಿ ಪೂರ್ತಿ ಕಿರುಚಾಟ. ಮೂರೂಕಾಲಿಗೆ ರೂಮು.

ರೂಮಿಗೆ ಹೋದ ತಕ್ಷಣ ನಾನು ಮಾಡಿದ್ದು ಕಿಟಕಿಗೆ ಕಪ್ಪು ಬೆಡ್‌ಶೀಟ್ ಸಿಕ್ಕಿಸಿದ್ದು, ಬಟ್ಟೆ ಕ್ಲಿಪ್ ಎಂಟು ತಗೊಂಡು ಹೋಗಿದ್ದೆ. ಮನೇಲಿ ಹಾಸೋ ಅದೇ ಹಳೇ ಹೊದಿಕೆ, ಒಗೀದೆ ಇರೋದನ್ನ, ಹಾಸಿಗೆ ಮೇಲೆ ಬಿಗಿಯಾಗಿ ಹಾಕಿದೆ, ಮನೆ ವಾಸನೆ ಇರ್ಲಿ ಅಂತ. ಸೊಳ್ಳೆಗೆ ಪರದೆ ಮಾತ್ರ, ಮುಚ್ಚಿದ ರೂಮಲ್ಲಿ ಕಾಯಿಲ್ ಹೊಗೆ ಬೇಡ. ಸಂಜೆ ಐದರ ಕೋಳಿನಿದ್ದೆ ಅಲ್ಲೇ ಹಾಕಿದ್ವಿ, ಮೊದಲ್ನೇ ನಿದ್ದೆ ಹೊಸ ರೂಮಲ್ಲಿ ಚಿಕ್ಕದಾಗಿ ಆದ್ರೆ ರಾತ್ರಿಗೆ ಜಾಗ ಪರಿಚಯ ಆಗಿರುತ್ತೆ. ಅವತ್ತು ಎಲ್ಲೂ ಹೋಗ್ಲಿಲ್ಲ. ಇವ್ರು "ಇಷ್ಟು ದೂರ ಬಂದು ರೂಮಲ್ಲೇ ಕೂರೋದಾ" ಅಂದ್ರು, ನಾನು "ರೀ, ನಾಳೆ ನೋಡಿ" ಅಂದೆ.

ಮಂಗಳವಾರ ಎರಡೇ ಸಲ ಹೊರಗೆ, ಒಂದೊಂದು ಸಲ ಹೆಚ್ಚಂದ್ರೆ ಎರಡು ಗಂಟೆ. ಮೊದಲ್ನೇ ನಿದ್ದೆ ರೂಮಲ್ಲಿ ಮುಗಿಸಿ, ಹಾಲು ಕುಡಿಸಿ ಹತ್ತೂವರೆಗೆ ಬೆಟ್ಟಕ್ಕೆ. ಸೂರ್ಯೋದಯದವ್ರೆಲ್ಲ ಅಷ್ಟೊತ್ತಿಗೆ ಇಳಿದಿರ್ತಾರೆ. ಮೇಲೆ 1478 ಮೀಟರ್, ಗಾಳಿ ತಣ್ಣಗೆ ಬೀಸ್ತಿತ್ತು, ನಾವು ಹಾಕಿದ್ದಕ್ಕಿಂತ ಒಂದು ಪದರ ಬಟ್ಟೆ ಜಾಸ್ತಿ, ಕಿವಿ ಮುಚ್ಚೋ ಟೋಪಿ. ಪಾಪುಗೆ ಚಳಿ ಆಗ್ತಿದ್ಯಾ ಅಂತ ಕೈಕಾಲು ಮುಟ್ಟಿ ನೋಡ್ಬೇಡಿ ಅದು ಯಾವಾಗ್ಲೂ ತಣ್ಣಗೇ ಇರುತ್ತೆ, ಕತ್ತಿನ ಹಿಂಭಾಗ ಮುಟ್ಟಿ, ಅಲ್ಲಿ ಬೆಚ್ಚಗಿದ್ರೆ ಸರಿ, ಬೆವರಿದ್ರೆ ಒಂದು ಪದರ ತೆಗೀರಿ. ಇಳಿಯುವಾಗ ತಿರುವುಗಳಲ್ಲಿ ಒಂದೇ ಸಮ ಅಳೋಕೆ ಶುರು ಮಾಡಿದ, ಕಿವಿ ಎಳ್ಕೊಳ್ತಿದ್ದ, ಎತ್ತರ ಇಳಿಯುವಾಗ ನಮಗೂ ಕಿವಿ ಗುಂಯ್ ಅನ್ನುತ್ತಲ್ಲ ಅದೇ. ಅಗಲ ಇರೋ ಕಡೆ ನಿಲ್ಲಿಸಿ ಐದು ನಿಮಿಷ ಹಾಲು ಕುಡಿಸಿದೆ, ನುಂಗಿದಾಗ ಕಿವಿ ತೆರ್ಕೊಳ್ಳುತ್ತೆ, ಸುಮ್ನಾದ. ಒಂದು ಗಂಟೆಗೆಲ್ಲ ರೂಮಲ್ಲಿ ಎರಡ್ನೇ ನಿದ್ದೆ, ಅವನ ಜೊತೆ ನಾನೂ ಮಲಗಿದೆ, ಇವ್ರು ಹೊರಗೆ ಕೂತು ಕಾಫಿ ಕುಡೀತಾ ಪೇಪರ್ ಓದಿದ್ರು. ನಮ್ಮಿಬ್ರಿಗೂ ರಜೆ ಅಂತ ಅನ್ಸಿದ್ದು ನಿಜ ಹೇಳ್ಬೇಕಂದ್ರೆ ಆ ಒಂದೂವರೆ ಗಂಟೆ.

ಮೂರು ಗಂಟೆಗೆ ಭೋಗನಂದೀಶ್ವರ. ಮಧ್ಯಾಹ್ನ ಹೋದ್ರೆ ಬರಿಗಾಲಿಗೆ ಕಲ್ಲು ಸುಡುತ್ತೆ, ಅಷ್ಟೊತ್ತಿಗೆ ಅರ್ಧ ಪ್ರಾಂಗಣ ನೆರಳಾಗಿತ್ತು. ಕಂಬದ ನೆರಳಲ್ಲಿ ಕೂರಿಸಿದ್ರೆ ಪಾರಿವಾಳ ನೋಡ್ಕೊಂಡು ಮುಕ್ಕಾಲು ಗಂಟೆ ಕೂತಿದ್ದ. ಕಲ್ಯಾಣಿ ಹತ್ರ ಮಾತ್ರ ಕ್ಯಾರಿಯರ್ ಬಿಚ್ಚಲಿಲ್ಲ, ಮೆಟ್ಟಿಲು ಕಡಿದು, ತಡೆ ಏನೂ ಇಲ್ಲ. ನಾಲ್ಕೂಮುಕ್ಕಾಲಿಗೆ ವಾಪಸ್, ಐದಕ್ಕೆ ನಿದ್ದೆ.

ರಾತ್ರಿ ಕೆಟ್ಟಿತು. ಹನ್ನೊಂದಕ್ಕೆ ಕರೆಂಟ್ ಹೋಗಿ ಫ್ಯಾನ್ ಸದ್ದು ನಿಂತಿತು, ಎದ್ದು ಒಂದು ಗಂಟೆ ಆಟ ಆಡಿದ. ಲೈಟ್ ಹಾಕ್ಲಿಲ್ಲ, ಮಾತಾಡಿಸ್ಲಿಲ್ಲ, ಕತ್ತಲಲ್ಲೇ ತಟ್ತಾ ಇದ್ದೆ. ಬುಧವಾರ ಬೆಳಿಗ್ಗೆ ಏಳೂಕಾಲಿಗೆ ಎದ್ದ, ಅಂದ್ರೆ ಮುಕ್ಕಾಲು ಗಂಟೆ ತಡ. ಇಲ್ಲಿ ಗಡಿಯಾರ ಹಿಡ್ಕೊಂಡು ಹಳೇ ಟೈಮಿಗೇ ಹೊರಟಿದ್ರೆ ನಿದ್ದೆ ಬರದೆ ಕಾರಲ್ಲಿ ಅಳ್ತಿದ್ದ. ಎದ್ದ ಹೊತ್ತಿಂದ ಎರಡೂಕಾಲು ಗಂಟೆ ಲೆಕ್ಕ ಹಾಕಿ 8:45ರ ಬದ್ಲು ಒಂಬತ್ತೂವರೆಗೆ ಹೊರಟ್ವಿ. ಇಡೀ ದಿನಾನ ಮುಕ್ಕಾಲು ಗಂಟೆ ಮುಂದಕ್ಕೆ ತಳ್ಳಿದ್ದು ಅಷ್ಟೇ. ಡಾಬಸ್‌ಪೇಟೆ ಹತ್ರ ಎದ್ದ, ಅಲ್ಲೇ ಹಾಲ್ಟ್, ಹನ್ನೆರಡೂವರೆ ಒಳಗೆ ಮನೆ.

ಯಾವಾಗ ವಾಪಸ್ ಬರ್ಬೇಕು

ಹೋಗೋಕೆ ಮುಂಚೆನೇ ಗಂಡ ಹೆಂಡ್ತಿ ಮಾತಾಡ್ಕೊಂಡಿರಿ, ಇಲ್ಲ ಅಂದ್ರೆ ದುಡ್ಡು ಕೊಟ್ಟಿದೀವಲ್ಲ ಅಂತ ಎಳೀತೀರ. ಆರೇಳು ಗಂಟೆ ಡೈಪರ್ ಒದ್ದೆ ಆಗಿಲ್ಲ, ಎರಡು ಸಲ ಸತತ ಹಾಲು ಬೇಡ ಅಂದ್ರೆ, ಅಳುವಾಗ ಕಣ್ಣೀರಿಲ್ಲ, ಬಾಯಿ ಒಣಗಿದೆ, ತುಂಬಾ ಮಂಕಾಗಿದೆ ಅಂದ್ರೆ ಮನೆಗೆ ಅಲ್ಲ ನೇರ ಆಸ್ಪತ್ರೆಗೆ, ನಂದಿಯಿಂದ ಚಿಕ್ಕಬಳ್ಳಾಪುರ ಹತ್ರನೇ ಇದೆ, ಅಗತ್ಯ ಬಿದ್ರೆ 108. ಬರೀ ನಿದ್ದೆ ಕೆಟ್ಟಿದೆ ಅಂದ್ರೆ ಒಂದು ರಾತ್ರಿ ನೋಡಿ, ಎರಡನೇ ದಿನದ ಹಗಲು ನಿದ್ದೆ ಎರಡೂ ಅರ್ಧ ಗಂಟೆ ದಾಟದೆ ಇದ್ರೆ ಅವತ್ತು ಸಂಜೆ ಹೊರಗೆ ಹೋಗೋದು ಬಿಟ್ಟು ಏಳು ಗಂಟೆಗೇ ಮಲಗಿಸಿ, ಬೆಳಿಗ್ಗೆ ಮೊದಲ್ನೇ ನಿದ್ದೆಗೆ ಕಾರು ಹತ್ತಿ.

ಕಾರಿಲ್ಲದವ್ರು ಇದೇ ಲೆಕ್ಕ ಟ್ರೈನಿಗೆ ಹಾಕಿ, ಬಸ್ಸಿಗಿಂತ ಟ್ರೈನ್ ಎಷ್ಟೋ ವಾಸಿ, ಎತ್ಕೊಂಡು ಓಡಾಡಬಹುದು, ಹಾಲು ಕುಡಿಸೋಕೆ ಯಾರನ್ನೂ ನಿಲ್ಲಿಸಿ ಅಂತ ಕೇಳ್ಬೇಕಾಗಿಲ್ಲ. ಬಸ್ಸೇ ಆದ್ರೆ ಚಕ್ರದ ಮೇಲಿನ ಸೀಟು, ಕೊನೇ ಸೀಟು ಬಿಟ್ಟು ಮಧ್ಯದ್ದು ಹಿಡೀರಿ, ಒಂದೂವರೆ ಗಂಟೆಗಿಂತ ದೂರದ್ದು ಬೇಡ.

ಮನೆಗೆ ಬಂದ ದಿನ ಎರಡ್ನೇ ನಿದ್ದೆಗೆ ನಮ್ಮತ್ತೆ ಮತ್ತೆ ಜೋಲಿ ಕಟ್ಟಿ ರೆಡಿ ಇಟ್ಟಿದ್ರು. ಹಾಕಿದ್ವಿ, ಐದು ನಿಮಿಷ ಒದ್ದಾಡಿ ಕೆಳಗಿನ ಹಾಸಿಗೆ ಕಡೆ ಕೈ ಚಾಚಿದ. ಅತ್ತೆ ಜೋಲಿ ಬಿಚ್ಚಿ ಸೀರೆ ಮಡಚಿ ಬೀರುಗೆ ಇಟ್ರು.